ಅವ್ವ ತಾಯಿಯವರಾದಾಗ

ನಿಮ್ಮ ಬರಹ ತಿದ್ದಲು ಕೂರುವ ಮುನ್ನ ಮೊದಲ ಕರಡಿನ ಒಂದು ಪ್ರತಿ ಹಾಗೇ ಎತ್ತಿಡಿ. ಅದನ್ನು ಮುಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ.

ಧಾರವಾಡ ಕಡೆಯ ಗೆಳತಿಯೊಬ್ಬರು ಬಾಲ್ಯದ ನೆನಪು ಬರೆದಿದ್ದರು: ‘ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕನ ನಮಗ ಎಚ್ಚರ ಆಗೋದು.’ ನಾಲ್ಕನೇ ಸಲ ತಿದ್ದುವಷ್ಟರಲ್ಲಿ ಅದು ‘ತಾಯಿಯವರು ರೊಟ್ಟಿಯನ್ನು ತಟ್ಟುತ್ತಿದ್ದ ಶಬ್ದದಿಂದ ನಮಗೆ ಎಚ್ಚರವಾಗುತ್ತಿತ್ತು’ ಎಂದಾಗಿತ್ತು. ವ್ಯಾಕರಣದ ತಪ್ಪಿಲ್ಲ. ಆದರೆ ಅವ್ವ ಹೋದಳು, ಬಡಿಯುವ ಸದ್ದೂ ಹೋಯಿತು. ‘ಸಪ್ಪಳಕ್ಕನ’ ಎಂಬಲ್ಲಿ ಕೊನೆಯ ‘ನ’ ಕೊಡುತ್ತಿದ್ದ ಒತ್ತು, ಬೇರೆ ಯಾವುದಕ್ಕೂ ಅಲ್ಲ ಆ ಸಪ್ಪಳಕ್ಕೇ ಎಂಬ ಭಾವ, ‘ಶಬ್ದದಿಂದ’ ಎಂಬಲ್ಲಿ ಉಳಿಯಲೇ ಇಲ್ಲ.

ದನಿ ಕಳೆಯುತ್ತಿದೆ ಎಂಬುದಕ್ಕೆ ಗುರುತುಗಳಿವೆ. ಮಾತಿನಲ್ಲಿ ನಾವು ‘ನೀರು ತಂದೆ’ ಅನ್ನುತ್ತೇವೆ. ತಿದ್ದುವಾಗ ಅದು ‘ನೀರನ್ನು ತಂದೆನು’ ಆಗುತ್ತದೆ. ‘ಅಪ್ಪ ಕಟ್ಟಿದ ಮನೆ’ ‘ಅಪ್ಪನಿಂದ ಕಟ್ಟಲ್ಪಟ್ಟ ಮನೆ’ಯಾಗುತ್ತದೆ. ಇಂಥವು ಕಂಡಲ್ಲಿ ನಿಂತು, ಎತ್ತಿಟ್ಟ ಪ್ರತಿಯೊಡನೆ ಹೋಲಿಸಿ, ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಹಳೆಯ ಸಾಲಿಗೇ ಮರಳಿ.

ಹಾಗೆಂದು ಏನನ್ನೂ ತಿದ್ದಬಾರದು ಎಂದಲ್ಲ. ಗೆಳತಿಯ ಮುಂದಿನ ಸಾಲಿನಲ್ಲಿ ‘ಅಕಿ’ ಮೂರು ಸಲ ಬಂದಿತ್ತು. ಅವ್ವನೋ ಅಜ್ಜಿಯೋ ತಿಳಿಯುತ್ತಿರಲಿಲ್ಲ. ಒಂದು ಕಡೆ ‘ಅಜ್ಜಿ’ ಎಂದು ಬರೆದೆವು, ಸಾಕಾಯಿತು. ಓದುಗ ಎಡವುವ ಜಾಗವನ್ನಷ್ಟೇ ಸರಿಪಡಿಸಿ. ಅವ್ವನನ್ನು ಅವ್ವನಾಗಿಯೇ ಬಿಡಿ.