ಬಚ್ಚಲಿನ ಇಳಿಜಾರು: ಲೆಕ್ಕ ಹೊರಗಿನಿಂದ ಶುರುವಾಗಲಿ

ಹೊಸ ಬಚ್ಚಲಿನ ಮೂಲೆಯಲ್ಲಿ ನೀರು ನಿಂತರೆ ಬೈಗುಳ ಬೀಳುವುದು ಟೈಲ್ಸ್ ಕೂರಿಸಿದ ಗೌಂಡಿಗೆ. ಆದರೆ ಆತ ಕೆಲಸಕ್ಕೆ ಬರುವ ಹೊತ್ತಿಗೆ ಬಾಗಿಲ ಹೊಸ್ತಿಲು, ನೀರು ಹೋಗುವ ಜಾಳಿಗೆಯ ಮಟ್ಟ, ಹೊರಗಿನ ಚೇಂಬರಿಗೆ ಹೋಗುವ ಪೈಪು ಮೂರೂ ಕೂತುಬಿಟ್ಟಿರುತ್ತವೆ. ಅವುಗಳ ನಡುವೆ ಉಳಿದಷ್ಟು ಎತ್ತರದಲ್ಲೇ ಆತ ಇಳಿಜಾರು ಹೊಂದಿಸಬೇಕು. ಉಳಿದದ್ದು ಸಾಲದಿದ್ದರೆ ಎಂಥ ಕೈಚಳಕವೂ ಉಪಯೋಗಕ್ಕೆ ಬಾರದು. ಆದ್ದರಿಂದ ಮಟ್ಟಗಳನ್ನು ಹೊರಗಿನ ಗಲ್ಲಿ ಟ್ರ್ಯಾಪಿನಿಂದ ಶುರು ಮಾಡಿ ಒಳಮುಖವಾಗಿ ಗುರುತಿಸುತ್ತ ಬರಬೇಕು.

ಐದು ಅಡಿ ಅಗಲ, ಎಂಟು ಅಡಿ ಉದ್ದದ, ಅಂದರೆ ಸುಮಾರು 1.5 ಮೀಟರ್ × 2.4 ಮೀಟರಿನ ಬಚ್ಚಲನ್ನೇ ತೆಗೆದುಕೊಳ್ಳೋಣ. ಜಾಳಿಗೆ ಬಾಗಿಲಿಗೆ ಓರೆಯಾಗಿ ಎದುರಿನ ಮೂಲೆಯಲ್ಲಿದೆ. ಪ್ರತಿ 80 ಮಿ.ಮೀ.ಗೆ 1 ಮಿ.ಮೀ. ಇಳಿಜಾರು ಹಿಡಿದರೆ ಉದ್ದಕ್ಕೆ 30 ಮಿ.ಮೀ., ಅಗಲಕ್ಕೆ 19 ಮಿ.ಮೀ. ಬೇಕು. ಹಾಗಾಗಿ ಬಾಗಿಲ ಮೂಲೆ ಜಾಳಿಗೆಗಿಂತ 49 ಮಿ.ಮೀ. ಮೇಲಿರಬೇಕು. ನೀರು ಕೋಣೆಗೆ ಹರಿಯದಂತೆ ಕೋಣೆಯ ನೆಲ ಅದಕ್ಕಿಂತಲೂ 15 ಮಿ.ಮೀ. ಮೇಲಿರಲಿ. ಜಾಳಿಗೆಯಿಂದ ಟ್ರ್ಯಾಪಿನ ಹೊರಬಾಯಿಯ ತಳದವರೆಗೆ 100 ಮಿ.ಮೀ. ಎಂದಿಟ್ಟುಕೊಳ್ಳೋಣ, ಕೊಂಡ ಟ್ರ್ಯಾಪನ್ನೇ ಅಳೆದು ಈ ಅಂಕಿ ತಿದ್ದಿಕೊಳ್ಳಬೇಕು. ಅಲ್ಲಿಂದ ಗಲ್ಲಿ ಟ್ರ್ಯಾಪಿಗೆ ಎರಡು ಮೀಟರ್ ಪೈಪು, 40ಕ್ಕೆ 1ರ ಇಳಿಜಾರಿನಲ್ಲಿ 50 ಮಿ.ಮೀ. ಇಳಿಯುತ್ತದೆ. ಎಲ್ಲ ಕೂಡಿದರೆ ಕೋಣೆಯ ನೆಲ ಪೈಪಿನ ಕೊನೆಯ ತಳಕ್ಕಿಂತ ಸುಮಾರು 215 ಮಿ.ಮೀ. ಮೇಲೆ ಬರಬೇಕು. ಲೆವೆಲ್ ಪೈಪು ಹಿಡಿದು ಈ ಗುರುತುಗಳನ್ನು ಗೋಡೆಯ ಮೇಲೆ ಹಾಕಿದ ಮೇಲೆಯೇ ಕಾಂಕ್ರೀಟು ಬೀಳಲಿ.

ಜಾಳಿಗೆಯನ್ನು ನಟ್ಟನಡುವೆ ಇಟ್ಟರೆ ನೀರು ಎಲ್ಲ ಕಡೆಯಿಂದ ಬೇಗ ಸೇರುವುದಿಲ್ಲವೇ ಎಂದು ಕೇಳಬಹುದು. ದೂರ ಕಡಿಮೆಯಾಗುವುದು ನಿಜ. ಆದರೆ ಆಗ ನೆಲ ನಾಲ್ಕು ದಿಕ್ಕಿನಿಂದ ಬಾಗಬೇಕು, ಎರಡಡಿಯ ಟೈಲ್ಸ್ ಬಾಗುವುದಿಲ್ಲ. ಓರೆಯಾಗಿ ಕತ್ತರಿಸದೆ ಕೂರಿಸಿದರೆ ಒಂದಂಚು ಎದ್ದು ಅದರ ಹಿಂದೆ ನೀರು ಕಟ್ಟುತ್ತದೆ. ಮೂಲೆಯಲ್ಲಿಟ್ಟರೆ ಇಡೀ ನೆಲ ಒಂದೇ ಹಲಗೆಯಂತೆ ಅತ್ತ ವಾಲಿದರೆ ಸಾಕು, ಓರೆಯಾಗಿ ಕತ್ತರಿಸುವ ಕೆಲಸವಿಲ್ಲ. ಇಳಿಜಾರು ಹೆಚ್ಚಾದರೆ ವಯಸ್ಸಾದವರು ಜಾರುತ್ತಾರೆಂಬ ಭಯವೂ ಇದೆ. 80ಕ್ಕೆ 1 ಕಾಲಿಗೆ ತಿಳಿಯುವುದಿಲ್ಲ; ಜಾರಿಸುವುದು ನಯವಾದ ಟೈಲ್ಸಿನ ಮೇಲೆ ನಿಂತ ಸೋಪಿನ ನೀರು. 40ಕ್ಕೆ 1ನ್ನು ಮೀರಿದರೆ ಮಾತ್ರ ಆ ಭಯಕ್ಕೆ ಅರ್ಥವಿದೆ.

ಟ್ರ್ಯಾಪಿನ ಕೆಲಸ ನೀರನ್ನು ಬಿಟ್ಟು ವಾಸನೆಯನ್ನು ತಡೆಯುವುದು. ಅದಕ್ಕೆ ಒಳಗೆ ಸದಾ 50 ಮಿ.ಮೀ. ನೀರು ನಿಂತಿರಬೇಕು. ಅಗ್ಗದ ಗಂಟೆ ಟ್ರ್ಯಾಪಿನಲ್ಲಿ ಬೋರಲು ಬಟ್ಟಲಿನ ಸುತ್ತಲಿನ ಸಂದು ಕಿರಿದು. ಕೂದಲು, ಸೋಪು ಸಿಕ್ಕಿ ನೀರು ನಿಲ್ಲುತ್ತದೆ, ಬೇಸತ್ತವರು ಬಟ್ಟಲನ್ನೇ ತೆಗೆದಿಡುತ್ತಾರೆ, ಆಮೇಲೆ ವಾಸನೆ, ಜಿರಳೆ. ಕೈಹಾಕಿ ತೊಳೆಯಬಹುದಾದ, ಆಳವಾದ ನಾನಿ ಟ್ರ್ಯಾಪ್ ಮೇಲು. ನೆಲಮಟ್ಟದ ಮನೆಯಲ್ಲಿ ಪೈಪು ಗೋಡೆಯಾಚೆ ಅಡ್ಡ ಹೋಗುವುದರಿಂದ ಪಿ ಟ್ರ್ಯಾಪ್ ಹೊಂದುತ್ತದೆ. ಕೆಳಕ್ಕೆ ಬಾಯಿರುವ ಎಸ್ ಟ್ರ್ಯಾಪ್ ಮಹಡಿಗೆ ಅನುಕೂಲ, ಆದರೆ ರಭಸದ ನೀರು ಅದರೊಳಗಿನ ನೀರನ್ನೂ ಸೆಳೆದೊಯ್ಯಬಹುದು. ಪೈಪಿಗೆ ಗಾಳಿಕೊಳವೆ ಬೇಕು.

ದಿಗ್ಗೇವಾಡಿಯಂಥ ಕೃಷ್ಣಾ ತೀರದ ಊರುಗಳ ಎರೆಮಣ್ಣು ಇನ್ನೊಂದು ಎಚ್ಚರ ಬೇಡುತ್ತದೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಸರಿಯಾಗಿ ಕೂರಿಸಿದ ಇಳಿಜಾರೂ ವರ್ಷದೊಳಗೆ ತಪ್ಪಬಹುದು. ನೆಲದ ಕೆಳಗಿನ ಎರೆಮಣ್ಣು ತೆಗೆದು ಮುರುಮನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಬೇಕು. ನೆರೆ ಬಂದು ಹೊರಗಿನ ಗಟಾರವೇ ತುಂಬಿದಾಗ ನೀರು ಟ್ರ್ಯಾಪಿನಿಂದ ಹಿಂದಕ್ಕೆ ಬರುತ್ತದೆ. ಅದಕ್ಕೆ ಇಳಿಜಾರು ಮದ್ದಲ್ಲ. ಹೊರಪೈಪಿಗೆ ಹಿಮ್ಮುಖ ತಡೆಯುವ ವಾಲ್ವ್ ಕೂರಿಸಬೇಕು, ಅದು ಮುಚ್ಚಿರುವಷ್ಟು ಹೊತ್ತು ಬಚ್ಚಲು ಬಳಸುವಂತಿಲ್ಲ.

ಕೊನೆಯ ಪರೀಕ್ಷೆ ಎರಡು ಸಲ ಆಗಲಿ: ಟೈಲ್ಸಿನ ಕೆಳಗಿನ ಗಿಲಾವು ಒಣಗಿದ ಮೇಲೊಮ್ಮೆ, ಟೈಲ್ಸ್ ಕೂತ ಮೇಲೊಮ್ಮೆ. ದೂರದ ಮೂಲೆಗೆ ಒಂದು ಬಕೀಟು ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ಜಾಳಿಗೆಯಿಂದ ದೂರ ನಿಂತರೆ ದೋಷ ಇಳಿಜಾರಿನದು. ಜಾಳಿಗೆಯ ಸುತ್ತ ತೆಳುವಾದ ಉಂಗುರದಂತೆ ನಿಂತರೆ ಜಾಳಿಗೆಯೇ ಎತ್ತರವಾಗಿದೆ, ಅದು ಟೈಲ್ಸಿಗಿಂತ ಎರಡು ಮೂರು ಮಿ.ಮೀ. ತಗ್ಗಿರಬೇಕು. ಗುಳುಗುಳು ಸದ್ದು ಮಾಡುತ್ತ ನಿಧಾನವಾಗಿ ಇಳಿದರೆ ಟ್ರ್ಯಾಪು ಅಥವಾ ಪೈಪಿನಲ್ಲಿ ಅಡಚಣೆಯಿದೆ. ಮೊದಲ ಪರೀಕ್ಷೆಯಲ್ಲಿ ಸಿಕ್ಕ ಇಳಿಜಾರಿನ ದೋಷ ಒಂದು ಪುಟ್ಟಿ ಗಿಲಾವಿನಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಸಿಕ್ಕರೆ ಟೈಲ್ಸ್ ಕೀಳಬೇಕು.