ಭತ್ತಕ್ಕೆ ನೀರಿಲ್ಲ, ಗೋಧಿಗೆ ಚಳಿಯಿಲ್ಲ: ಅಗಳಿ ಹೊಲದಲ್ಲಿ ಲೆಕ್ಕ ಹಾಕುವ ಬಗೆ

ಶಾಲೆಯ ಭೂಗೋಳ ಪುಸ್ತಕ ನೋಡಿದರೆ ಭತ್ತಕ್ಕೆ ನೂರು ಸೆಂಟಿಮೀಟರಿಗೂ ಹೆಚ್ಚು ಮಳೆ ಬೇಕು, ಗೋಧಿಗೆ ಐವತ್ತರಿಂದ ಎಪ್ಪತ್ತೈದು ಸಾಕು. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 55 ಸೆಂ.ಮೀ. ಹಾಗಾದರೆ ಅಗಳಿ, ಮಡಕಶಿರಾ ಕಡೆ ಗೋಧಿ ಬೆಳೆಯಬೇಕಿತ್ತಲ್ಲ? ಆದರೆ ಇಲ್ಲಿ ಕಾಣುವುದು ಶೇಂಗಾ, ರಾಗಿ, ಹಿಪ್ಪುನೇರಳೆ, ಅಡಿಕೆ. ಕೆರೆ ತುಂಬಿದ ವರ್ಷ ಒಂದಿಷ್ಟು ಭತ್ತ.

ಪುಸ್ತಕದ ಅಂಕಿ ತಪ್ಪಲ್ಲ. ಮಳೆ ಎಷ್ಟು ಎಂದು ಅದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ನಮ್ಮ ಮಳೆಯ ಬಹುಪಾಲು ಬೀಳುವುದು ಜೂನ್‌ನಿಂದ ಅಕ್ಟೋಬರ್ ಒಳಗೆ, ಅದರಲ್ಲೂ ಸೆಪ್ಟೆಂಬರ್ ಆಸುಪಾಸಿನಲ್ಲಿ. ಗೋಧಿ ನೆಲದಲ್ಲಿರುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಅಷ್ಟು ಹೊತ್ತಿಗೆ ಆಕಾಶ ಬರಿದಾಗಿರುತ್ತದೆ. ವಿಜಯಪುರ, ಧಾರವಾಡದ ರೈತರು ಮಳೆಯಿಲ್ಲದ ಕಾಲದಲ್ಲೂ ಗೋಧಿ ತೆಗೆಯುವುದು ಎರೆ ಭೂಮಿಯ ಬಲದಿಂದ. ಸೆಪ್ಟೆಂಬರ್ ಮಳೆಯನ್ನು ಎರೆ ಮಣ್ಣು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬೇರಿಗೆ ಕೊಡುತ್ತದೆ. ಅಗಳಿಯ ಕೆಮ್ಮಣ್ಣಿಗೆ ಆ ಹೊಟ್ಟೆಯಿಲ್ಲ. ವಾರ ಬಿಸಿಲು ಹೊಡೆದರೆ ಮೇಲ್ಮಣ್ಣು ಒಣಗುತ್ತದೆ.

ಆದ್ದರಿಂದ ಇಲ್ಲಿ ಭತ್ತವಾಗಲಿ ಗೋಧಿಯಾಗಲಿ ನಿಲ್ಲುವುದು ಕೆರೆ ಅಥವಾ ಬೋರಿನ ನೀರಿನ ಮೇಲೆ. ಬೀಜ ತರುವ ಮೊದಲು ಮೂರು ಅಳತೆ ಮಾಡಿಕೊಳ್ಳಿ. ಬೇಕಾದ ಸಾಮಾನು ಒಂದು ಇನ್ನೂರು ಲೀಟರ್ ಡ್ರಮ್ಮು, ಒಂದು ಗೂಟ, ಒಂದು ಥರ್ಮಾಮೀಟರ್.

ಮೊದಲನೆಯದು ಬೋರಿನ ನೀರು. ‘ಎರಡಿಂಚು ನೀರು’ ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ಮೋಟಾರು ಹಾಕಿ ಒಂದು ಗಂಟೆ ಬಿಟ್ಟು, ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ಹಾಕಿದ ತಕ್ಷಣ ಅಳೆದರೆ ಬಾವಿಯಲ್ಲಿ ನಿಂತಿದ್ದ ನೀರು ಮೋಸ ಮಾಡುತ್ತದೆ. ನೂರು ಸೆಕೆಂಡಿಗೆ ತುಂಬಿತು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 2 ಲೀಟರ್ ಆಯಿತು, ಗಂಟೆಗೆ 7,200. ದಿನಕ್ಕೆ ಏಳು ಗಂಟೆ ಓಡಿದರೆ 50,400 ಲೀಟರ್.

ಎರಡನೆಯದು ಮಣ್ಣು. ಹೊಲದ ತಗ್ಗು ಭಾಗದಲ್ಲಿ ಆರಡಿ ಚೌಕದ ಮಡಿ ಕಟ್ಟಿ, ನೀರು ಬಿಟ್ಟು ಕಾಲಿನಲ್ಲಿ ಚೆನ್ನಾಗಿ ಕೆಸರು ತುಳಿಯಿರಿ. ಎರಡು ದಿನ ನೀರು ನಿಲ್ಲಿಸಿ, ಮೂರನೆಯ ದಿನ ಗೂಟ ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಇಪ್ಪತ್ತನಾಲ್ಕು ಗಂಟೆಯ ನಂತರ ಮಟ್ಟ ಎಷ್ಟು ಇಳಿದಿದೆಯೋ ಅದೇ ಹೆಚ್ಚುಕಡಿಮೆ ನಿಮ್ಮ ಭತ್ತ ದಿನಕ್ಕೆ ಕುಡಿಯುವ ನೀರು. ಬದುವಿನ ಪಕ್ಕಕ್ಕೂ ನೀರು ಜಿನುಗುವುದರಿಂದ ಚಿಕ್ಕ ಮಡಿಯಲ್ಲಿ ಅಂಕಿ ಸ್ವಲ್ಪ ಜಾಸ್ತಿಯೇ ತೋರುತ್ತದೆ. ಜೇಡಿ ಹೆಚ್ಚಿರುವ ಕೆರೆ ಹಿಂದಿನ ಗದ್ದೆಯಲ್ಲಿ ಇಳಿತ ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದು. ಮೇಲ್ಹೊಲದ ಮರಳುಮಿಶ್ರಿತ ಕೆಂಪು ನೆಲದಲ್ಲಿ ಅದು ಎರಡು ಸೆಂಟಿಮೀಟರ್ ದಾಟಿದರೂ ಆಶ್ಚರ್ಯವಿಲ್ಲ.

ಈಗ ಎರಡನ್ನೂ ಕೂಡಿಸಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 4,047 ಲೀಟರ್. ಇಳಿತ 20 ಮಿ.ಮೀ. ಇದ್ದರೆ ಎಕರೆ ಭತ್ತಕ್ಕೆ ದಿನಕ್ಕೆ ಸುಮಾರು 81,000 ಲೀಟರ್ ಬೇಕು. ನಮ್ಮ ಬೋರು ಕೊಡುವುದು 50,400. ಅಂದರೆ ಬೋರನ್ನು ಇಡೀ ಬೆಳೆಗೆ ಮೀಸಲಿಟ್ಟರೂ ನೀರುಣ್ಣುವುದು 62 ಸೆಂಟು ಮಾತ್ರ, ಸುಮಾರು 25 ಗುಂಟೆ. ಅದೂ ಒಂದು ದಿನವೂ ಮೋಟಾರು ಸುಡದಿದ್ದರೆ!

ಅದೇ ಬೋರಿಗೆ ಗೋಧಿಯ ಲೆಕ್ಕ ಬೇರೆ. ಗೋಧಿಗೆ ನೀರು ನಿಲ್ಲಬಾರದು. ಬೇರಿಗೆ ಗಾಳಿ ಸಿಗದೆ ಎರಡು ಮೂರು ದಿನದಲ್ಲೇ ಹಳದಿ ತಿರುಗುತ್ತದೆ. ಕೆಮ್ಮಣ್ಣಿನಲ್ಲಿ ಹನ್ನೆರಡು ದಿನಕ್ಕೊಮ್ಮೆ 60 ಮಿ.ಮೀ. ಹಾಯಿಸಿದರೆ ನಡೆಯುತ್ತದೆ. ಎಕರೆಗೆ ಒಂದು ಸಲಕ್ಕೆ ಸುಮಾರು 2.43 ಲಕ್ಷ ಲೀಟರ್, ಅಂದರೆ ಬೋರಿನ ಐದು ದಿನದ ನೀರು. ಹನ್ನೆರಡು ದಿನದ ಸುತ್ತಿನಲ್ಲಿ ಎರಡೂವರೆ ಎಕರೆಗೆ ಸಾಲುತ್ತದೆ. ನೀರಿನ ಪರೀಕ್ಷೆಯಲ್ಲಿ ಗೋಧಿ ಪಾಸಾಯಿತು.

ಅದು ನಪಾಸಾಗುವುದು ಮೂರನೆಯ ಅಳತೆಯಲ್ಲಿ. ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರನ್ನು ಹೊಲದ ಬಳಿ ನೆರಳಲ್ಲಿ, ಎದೆಯೆತ್ತರಕ್ಕೆ ತೂಗುಹಾಕಿ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಬರೆದಿಡಿ. ಮೊಳಕೆಗೆ 20ರಿಂದ 25 ಡಿಗ್ರಿ ಒಳ್ಳೆಯದು. ಆಮೇಲೆ ಗೋಧಿಗೆ ತೆಂಡೆ ಒಡೆಯಲು ಇನ್ನೂ ತಂಪು ಬೇಕು, ಹಗಲು ರಾತ್ರಿ ಸೇರಿ ಸರಾಸರಿ 16ರಿಂದ 20. ಪಂಜಾಬಿನ ಗೋಧಿಗೆ ಅಂಥ ವಾರಗಳು ಬೇಕಾದಷ್ಟು ಸಿಗುತ್ತವೆ. ಇಲ್ಲಿ ಡಿಸೆಂಬರಿನ ರಾತ್ರಿ ತಂಪಾದರೂ ಮಧ್ಯಾಹ್ನ ಮತ್ತೆ ಕಾಯುತ್ತದೆ. ಬೆಚ್ಚಗಿದ್ದಷ್ಟೂ ಗಿಡಕ್ಕೆ ಆತುರ. ತೆಂಡೆ ಎರಡೋ ಮೂರೋ ಒಡೆದು, ಐವತ್ತು ದಿನ ತುಂಬುವ ಮೊದಲೇ ತೆನೆ ಕಾಣಿಸಿದರೆ ಚಳಿ ಸಾಲಲಿಲ್ಲ ಎಂದೇ ಅರ್ಥ. ಫೆಬ್ರವರಿಯ ಮಧ್ಯಾಹ್ನ 30 ಡಿಗ್ರಿ ದಾಟಿದ ಮೇಲೆ ಕಾಳು ತುಂಬುವ ದಿನಗಳು ಕಡಿಮೆಯಾಗಿ ಕಾಳು ಸುಕ್ಕುಗಟ್ಟುತ್ತದೆ. ಗೊಬ್ಬರ ಹಾಕಿ ಇದನ್ನು ಸರಿಪಡಿಸಲಾಗದು.

ಭತ್ತಕ್ಕೆ ಈ ತಾಪಮಾನದಿಂದ ಹೆಚ್ಚು ತೊಂದರೆಯಿಲ್ಲ, ಆದರೆ ಕಾಲ ತಪ್ಪಬಾರದು. ಹೂವಾಡುವಾಗ 35 ಡಿಗ್ರಿ ಮೀರಿದರೂ ಜೊಳ್ಳು, ರಾತ್ರಿ ತೀರಾ ತಣ್ಣಗಾದರೂ ಜೊಳ್ಳು. ಡಿಸೆಂಬರಿನಲ್ಲಿ ಒಟ್ಲು ಹಾಕಿ ಏಪ್ರಿಲ್ ಬಿಸಿಲಿಗೆ ಹೂವು ತರಿಸುವ ಬೇಸಿಗೆ ಭತ್ತ ಎರಡು ಕಡೆಯೂ ಪೆಟ್ಟು ತಿನ್ನುತ್ತದೆ. ಕೆರೆಗೆ ನೀರು ಬಂದಿದ್ದರೆ ಆಗಸ್ಟ್ ನಡುವಿನೊಳಗೆ ನಾಟಿ ಮುಗಿಸಿ. 145–150 ದಿನ ಹಿಡಿಯುವ ಬಿಪಿಟಿ 5204 ಆಸೆ ಬಿಟ್ಟು, 120 ದಿನಕ್ಕೆ ಬರುವ ಎಂಟಿಯು 1010 ಆರಿಸಿದರೆ ಒಂದು ತಿಂಗಳ ನೀರು ಉಳಿಯಿತು. ನೀರು ಕೊಟ್ಟು ಬಿಟ್ಟು ಮಾಡುವ ಹಗುರ ಮಣ್ಣಿನ ಗದ್ದೆಯಲ್ಲಿ ಎಳೆಯ ಗರಿ ಬಿಳಿಚಿಕೊಂಡರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಹಳೆಯ ಗರಿ. ಈ ವ್ಯತ್ಯಾಸ ತಿಳಿಯದೆ ಯೂರಿಯಾ ಸುರಿಯುವವರೇ ಹೆಚ್ಚು.

ರಾಯದುರ್ಗದ ಕಡೆಯವರು ಈ ಲೆಕ್ಕವನ್ನು ಹಾಗೇ ತೆಗೆದುಕೊಳ್ಳಬೇಡಿ. ಕಣೇಕಲ್ ಸುತ್ತ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರಿದೆ. ಭತ್ತ ಅಲ್ಲಿ ನಡೆಯುವುದು ಬಳ್ಳಾರಿ ಕಡೆಯ ಹಾಗೆಯೇ ಕಾಲುವೆಯ ದಯೆಯಿಂದ. 2022ರಲ್ಲಿ ಜಿಲ್ಲೆ ಒಡೆದು ಅಗಳಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮಣ್ಣು, ನೀರು ಮೊದಲಿನಿಂದಲೂ ಬೇರೆಯೇ ಇದ್ದವು.

ಇಷ್ಟಾದರೂ ಗೋಧಿ ಹಾಕಿ ನೋಡಲೇಬೇಕೆನ್ನುವವರು ಒಂದು ಗುಂಟೆಯಲ್ಲಿ ನೋಡಿ, ಅದೂ ಜವೆ ಗೋಧಿ. ಇದು ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಜವೆ ಗೋಧಿ, ಹೊಟ್ಟೆ ಗೋಧಿಗಳ ಹೆಸರು ಬರೆದಿಟ್ಟಿದ್ದಾನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಜವೆ ಗೋಧಿಯ ಜಾತಿಯದೇ. ಬಿಸಿ ಮತ್ತು ತುಕ್ಕು ರೋಗವನ್ನು ಚಪಾತಿ ಗೋಧಿಗಿಂತ ಹೆಚ್ಚು ತಾಳುತ್ತದೆ. ನವೆಂಬರ್ ಮೊದಲ ಪಕ್ಷದಲ್ಲಿ ಒಂದೂಕಾಲು ಕೆ.ಜಿ. ಬೀಜವನ್ನು ಒಂಬತ್ತಿಂಚು ಸಾಲಿನಲ್ಲಿ, ಎರಡಿಂಚು ಆಳಕ್ಕೆ ಬಿತ್ತಿ. ಇಪ್ಪತ್ತು ಇಪ್ಪತ್ತೆರಡನೆಯ ದಿನದ ನೀರು ತಪ್ಪಿಸಬೇಡಿ, ಕಿರೀಟ ಬೇರು ಹೊರಡುವುದು ಆಗಲೇ. ಒಂದು ತೊಡಕಿದೆ: ಬಡಿದರೆ ಹೊಟ್ಟು ಬಿಡುವುದಿಲ್ಲ, ಮಿಲ್ಲಿಗೇ ಹಾಕಿಸಬೇಕು. ಹೊಟ್ಟು ತೆಗೆದು ತೂಗಿ. ಗುಂಟೆಗೆ ಹದಿನೈದು ಕೆ.ಜಿ. ಮುಟ್ಟದಿದ್ದರೆ, ಮುಂದಿನ ವರ್ಷ ಆ ನೀರನ್ನು ರಾಗಿಗೇ ಕೊಡಿ.