ಬೆಲ್ಲು ಬಾರಿಸುವವನು ಕಂಡದ್ದು

ಉಕ್ಕಿನ ಕಾರ್ಖಾನೆ ಕಟ್ಟುವ ಕಾಲದಲ್ಲಿ ನಮ್ಮಪ್ಪ ಬಳ್ಳಾರಿ ಕಡೆಯಿಂದ ಕೂಲಿಗೆಂದು ವಿಶಾಖಪಟ್ಟಣಕ್ಕೆ ಬಂದರು. ನಾನು ಗಾಜುವಾಕದ ಒಂದು ಸರ್ಕಾರಿ ಶಾಲೆಯಲ್ಲಿ ಅಟೆಂಡರ್. ಬೆಲ್ಲು ಬಾರಿಸುವುದು, ಬೀಗ ತೆಗೆಯುವುದು, ನೀರಿನ ಟ್ಯಾಂಕು ನೋಡಿಕೊಳ್ಳುವುದು ನನ್ನ ಕೆಲಸ. ಮೇಷ್ಟ್ರುಗಳಿಗೆ ತರಗತಿಯೊಳಗಿನ ಮಗು ಕಾಣುತ್ತದೆ, ನನಗೆ ಪಡಸಾಲೆ, ಕಕ್ಕಸು, ಗೇಟಿನ ಹತ್ತಿರದ ಮಗು ಕಾಣುತ್ತದೆ. ಸದ್ದಿಲ್ಲದ ಕಿರುಕುಳ ನಡೆಯುವುದು ಈ ಜಾಗಗಳಲ್ಲೇ.

2023ರಲ್ಲಿ ಆರನೇ ತರಗತಿಗೆ ಒಬ್ಬ ಹುಡುಗ ಸೇರಿದ. ಅವನ ಅಪ್ಪನಿಗೆ ಆಟೋನಗರದ ಒಂದು ಶೆಡ್ಡಿನಲ್ಲಿ ಕೆಲಸ, ಮನೆಮಾತು ಕನ್ನಡ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಇಂಟರ್‌ವಲ್‌ನಲ್ಲಿ ಅವನು ಕಕ್ಕಸಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಒಳಗೆ ಹೋಗಿ ಪಾಠ ಶುರುವಾದ ಮೇಲೆ ಅನುಮತಿ ಕೇಳಿಕೊಂಡು ಓಡಿಬರುತ್ತಿದ್ದ. ಬೆಳಿಗ್ಗೆ ತುಂಬಿಸಿ ತಂದ ನೀರಿನ ಬಾಟಲಿ ಸಂಜೆಯೂ ತುಂಬಿಯೇ ಇರುತ್ತಿತ್ತು. ಈ ಕಡಲತೀರದ ಸೆಕೆಯಲ್ಲಿ ಮಗು ನೀರು ಕುಡಿಯುತ್ತಿಲ್ಲವೆಂದರೆ, ಕಕ್ಕಸಿಗೆ ಹೋಗುವ ಪ್ರಸಂಗವೇ ಬಾರದಿರಲಿ ಎಂದು ತಡೆದುಕೊಂಡಿದ್ದಾನೆ ಎಂದರ್ಥ.

ವಾರದಲ್ಲಿ ಮೂರು ದಿನ ಮಧ್ಯಾಹ್ನದ ಊಟದ ಜೊತೆ ಕಡಲೆಕಾಯಿ ಚಿಕ್ಕಿ ಕೊಡುತ್ತಿದ್ದರು. ಅವನು ಅದನ್ನು ಬಿಚ್ಚದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಟ್ಯಾಂಕಿನ ಹಿಂದೆ ಹೋಗಿ ಬಂದ ಮೇಲೆ ಜೇಬು ಖಾಲಿ. ಗುಡಿಸುವಾಗ ನನಗೆ ಅಲ್ಲಿ ಚಿಕ್ಕಿಯ ಕಾಗದಗಳು ಸಿಗುತ್ತಿದ್ದವು. ಒಂದು ದಿನ ಅವನ ಎಡಗಾಲಿನ ಚಪ್ಪಲಿ ಸಿಕ್ಕಿತು. ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ ಚಪ್ಪಲಿ ಅದು. ತಾನೇ ಬಿಟ್ಟು ಬಂದಿದ್ದರೆ ಎರಡೂ ಇರಬೇಕಿತ್ತು. ಒಂದೇ ಸಿಕ್ಕಿದೆ ಎಂದರೆ ಯಾರೋ ಎಸೆದಿದ್ದಾರೆ.

ಎಲ್ಲರೆದುರು ಕರೆದು ಕೇಳಿದರೆ ಮಗು “ಏನಿಲ್ಲ” ಅನ್ನುತ್ತದೆ, ಮರುದಿನ ಅದಕ್ಕೂ ಸೇರಿಸಿ ಅನುಭವಿಸುತ್ತದೆ. ಅದಕ್ಕೇ ಅವನನ್ನು ಸಂಜೆ ಬೀಗ ಹಾಕುವಾಗ ಜೊತೆಗೆ ಕರೆದುಕೊಂಡೆ. ಯಾರು ಮಾಡಿದರೆಂದು ಕೇಳಲಿಲ್ಲ. “ಶಾಲೆಯಲ್ಲಿ ಯಾವ ಜಾಗಕ್ಕೆ ಹೋಗೋಕೆ ನಿನಗೆ ಬೇಜಾರು?” ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಟ್ಯಾಂಕಿನ ಹಿಂದೆ, ಮಾಮ. ಸೋಮವಾರ ಅಂದ್ರೆ ಹೊಟ್ಟೆ ನೋಯ್ತೈತೆ,” ಅಂದ. ಹೆಸರು ಹೇಳೆಂದರೆ ಬಾಯಿ ಬಿಡದ ಮಗು ಜಾಗ ಕೇಳಿದರೆ ಹೇಳುತ್ತದೆ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ವಾರ, ಹೊತ್ತು, ಜಾಗ, ಕಣ್ಣಿಗೆ ಬಿದ್ದದ್ದು ಇಷ್ಟನ್ನೇ ಬರೆದೆ. ನನ್ನ ಊಹೆ ಬರೆಯಲಿಲ್ಲ. “ಹುಡುಗನಿಗೆ ತೊಂದರೆ ಇದೆ” ಎಂದು ಬರಿಗೈಯಲ್ಲಿ ಹೋದರೆ “ಮಕ್ಕಳಾಟ ಬಿಡು” ಎಂಬ ಉತ್ತರ ಸುಲಭ. ಸೋಮವಾರ, ಬುಧವಾರ, ಶುಕ್ರವಾರ ಊಟದ ನಂತರ ಅದೇ ಮೂವರು, ಅದೇ ಜಾಗ ಎಂದು ಬರೆದದ್ದನ್ನು ತೋರಿಸಿದಾಗ ಕ್ಲಾಸ್ ಟೀಚರಮ್ಮ ಕುರ್ಚಿ ಎಳೆದುಕೊಂಡು ಕೂತು ಓದಿದರು.

ಅವರು ಕೆಲಸ ಮಾಡಿದ ರೀತಿಯನ್ನು ಹೇಳಲೇಬೇಕು. ಅಸೆಂಬ್ಲಿಯಲ್ಲಿ ಯಾರ ಹೆಸರನ್ನೂ ಎತ್ತಲಿಲ್ಲ. ಎರಡೂ ಕಡೆಯವರನ್ನು ಎದುರುಬದುರು ನಿಲ್ಲಿಸಿ ಕೈ ಕುಲುಕಿಸಲಿಲ್ಲ. ಹಾಗೆ ಮಾಡಿದರೆ ಹೆದರಿದ ಮಗು ಹೆದರಿಸಿದವರ ಮುಂದೆಯೇ ಸುಳ್ಳು ಹೇಳಬೇಕಾಗುತ್ತದೆ. ಮೂವರನ್ನೂ ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು, ಮಾತು ಹೊಂದಿಸಿಕೊಳ್ಳಲು ಅವಕಾಶ ಸಿಗಲಿಲ್ಲ. ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ ಇನ್ನೊಬ್ಬ ಹುಡುಗ ಎಲ್ಲವನ್ನೂ ಹೇಳಿದ. ಅವನ ಹೆಸರು ಹೊರಗೆ ಬರದಂತೆ ನೋಡಿಕೊಂಡರು, ಮರುದಿನದಿಂದ ಊಟಕ್ಕೆ ನಮ್ಮ ಹುಡುಗನ ಪಕ್ಕದಲ್ಲಿ ಕೂರಿಸಿದರು. ಊಟದ ಹೊತ್ತಿಗೆ ಟ್ಯಾಂಕಿನ ಬಳಿ ಒಬ್ಬ ಶಿಕ್ಷಕರಿಗೆ ಡ್ಯೂಟಿ ಬಿತ್ತು. ಮೂವರ ಮನೆಯವರನ್ನೂ ಬೇರೆ ಬೇರೆಯಾಗಿ ಕರೆಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಶಾಲೆಯೊಳಗೆ ನಿಂತದ್ದು ಗೇಟಿನ ಹೊರಗೆ ಶುರುವಾಯಿತು. ಹುಡುಗ ಸಂಜೆ ಚೀಲ ಹೆಗಲಿಗೇರಿಸಿಯೂ ಹೊರಡದೆ ನನ್ನ ಸ್ಟೂಲಿನ ಹತ್ತಿರ ನಿಂತಾಗ ಅದು ಗೊತ್ತಾಯಿತು. ಕೆಲವು ವಾರ ಅವನ ಅಪ್ಪನೇ ಬಂದು ಕರೆದೊಯ್ದರು. ಕಿರುಕುಳ ಜಾಗ ಬದಲಿಸುತ್ತದೆ, ಆದ್ದರಿಂದ ಒಮ್ಮೆ ಬಗೆಹರಿದ ಮೇಲೂ ತಿಂಗಳುಗಟ್ಟಲೆ ಕಣ್ಣಿಟ್ಟಿರಬೇಕು. ಅವನ ಬಾಟಲಿ ಮಧ್ಯಾಹ್ನವೇ ಖಾಲಿಯಾಗಿ ನಲ್ಲಿಯ ಹತ್ತಿರ ಮತ್ತೆ ಬರತೊಡಗಿದಾಗಷ್ಟೇ ನನಗೆ ಧೈರ್ಯ ಬಂತು.

ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಶಾಲೆಯಲ್ಲಿ ಯಾರೂ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೂ ಕರೆ ಮಾಡಬಹುದು, ನನ್ನಂಥವರೂ ಮಾಡಬಹುದು. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಕೋರಿಕೆ: ತಿಂಗಳ ಸ್ಟಾಫ್ ಮೀಟಿಂಗಿಗೆ ಅಟೆಂಡರನ್ನೂ ಅಡುಗೆಯಮ್ಮನನ್ನೂ ಆಯಾಳನ್ನೂ ಚಹಾ ತರಲು ಮಾತ್ರ ಕರೆಯಬೇಡಿ. ಕೂರಿಸಿಕೊಂಡು, ಯಾವ ಮಗು ಎಲ್ಲಿಗೆ ಹೋಗಲು ಹಿಂಜರಿಯುತ್ತಿದೆ ಎಂದು ಕೇಳಿ.